ಹಬ್ಬದ ಸೇಲಲ್ಲಿ ಫೋನ್ ರೇಟು ನಿಜಕ್ಕೂ ಎಷ್ಟು ಪರ್ಸೆಂಟ್ ಇಳೀತು? ಕಾರ್ಡು, ಇಎಂಐ, ಎಕ್ಸ್‌ಚೇಂಜು, ಊರಿನ ಅಂಗಡಿ: ಯಾವ್ದು ಲಾಭ

ಒಂದೇ ಫೋನು, ಒಂದೇ ಸೇಲು. ಬ್ಯಾನರಲ್ಲಿ "ಅರ್ಧ ಬೆಲೆಗೆ" ಅಂತಿರುತ್ತೆ, ಒಳಗೆ ಹೋಗಿ ಪೇಜ್ ಓಪನ್ ಮಾಡಿದ್ರೆ ಬೆಲೆ ಪಕ್ಕ 27% ಅಂತಿರುತ್ತೆ, ಆಫೀಸಲ್ಲಿ ಅದನ್ನೇ ತಗೊಂಡವ್ರು ನಂಗೆ 18% ಕಮ್ಮಿಗೆ ಸಿಕ್ತು ಅಂತಾರೆ, ಅವ್ರ ಪಕ್ಕದ ಸೀಟಿನವ್ರು ಇಎಂಐ ಹಾಕ್ಸಿ ಕೊನೆಗೆ ಲೆಕ್ಕ ನೋಡಿದ್ರೆ ಹತ್ತು ಪರ್ಸೆಂಟಿಗೆ ಬಂದು ನಿಂತಿರುತ್ತೆ. ಮಜಾ ಏನಂದ್ರೆ ಇದ್ರಲ್ಲಿ ಯಾವ ನಂಬರೂ ಸುಳ್ಳಲ್ಲ, ಎಲ್ಲಾ ಸರಿಯಾದ ಭಾಗಾಕಾರನೇ, ಒಬ್ಬೊಬ್ರು ಒಂದೊಂದು ಬೆಲೆಯಿಂದ ಭಾಗಿಸಿದಾರೆ ಅಷ್ಟೆ.

ಅದಕ್ಕೇ ಸೇಲ್ ಟೈಮಲ್ಲಿ ಯಾವ ದಾರೀಲಿ ಫೋನ್ ತಗೊಂಡ್ರೆ ಒಳ್ಳೇದು ಅಂತ ಹೋಲಿಸೋಕೆ ಮುಂಚೆ ಯಾವ ಬೆಲೆಯಿಂದ ಇಳಿಕೆ ಲೆಕ್ಕ ಹಾಕ್ತೀವಿ ಅನ್ನೋದನ್ನ ಗಟ್ಟಿ ಮಾಡ್ಕೋಬೇಕು. ಸೂತ್ರ ಏಳನೇ ಕ್ಲಾಸಿಂದೇ: ಹಳೇ ಬೆಲೇಲಿ ಹೊಸ ಬೆಲೆ ಕಳೀರಿ, ಬಂದಿದ್ದನ್ನ ಹಳೇ ಬೆಲೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಫೋನ್ ಕ್ಯಾಲ್ಕುಲೇಟರಲ್ಲಿ ಇನ್ನೂ ಸುಲಭ, ಹೊಸ ಬೆಲೆನ ಹಳೇ ಬೆಲೆಯಿಂದ ಭಾಗಿಸಿಬಿಡಿ, 0.82 ಅಂತ ಬಂದ್ರೆ ಹಳೇ ಬೆಲೆಯ 82% ಕೊಡ್ತಿದೀರಿ, ಇಳಿದಿದ್ದು 18%. ಇಷ್ಟೇ. ಕಷ್ಟ ಇರೋದು "ಹಳೇ ಬೆಲೆ" ಅಂದ್ರೆ ಯಾವ್ದು ಅನ್ನೋದ್ರಲ್ಲಿ.

ಹಳೇ ಬೆಲೆ ಯಾವ್ದು?

ಲೆಕ್ಕಕ್ಕೆ ಒಂದು ಫೋನ್ ಇಟ್ಕೊಳ್ಳೋಣ, ಹೆಸರು ಬೇಡ, ಮಿಡ್ ರೇಂಜಿನ ಫೋನ್ ಅಂದ್ಕೊಳ್ಳಿ. ಡಬ್ಬದ ಮೇಲೆ ಎಂಆರ್‌ಪಿ 29,999. ಆದ್ರೆ ಬಿಡುಗಡೆ ಆದಾಗಿಂದ್ಲೂ ಅದು ಆ ರೇಟಿಗೆ ಒಂದು ದಿನಾನೂ ಮಾರಾಟ ಆಗಿಲ್ಲ, ಸೇಲ್‌ಗೆ ಮುಂಚೆ ಎರಡು ತಿಂಗಳಿಂದ 24,999ಕ್ಕೆ ಸಿಗ್ತಿತ್ತು. ಸೇಲಲ್ಲಿ 21,999. ಪೇಜಲ್ಲಿ ಗೀಟು ಹೊಡೆದು ತೋರಿಸೋದು 29,999ನ, ಅದ್ರಿಂದ 8,000 ಕಳೆದ್ರೆ 26.7%, ಅದನ್ನ ರೌಂಡ್ ಮಾಡಿ 27% ಅಂತ ಹಾಕ್ತಾರೆ. ಆದ್ರೆ ಹೋದ ವಾರ ನೀವು ತಗೊಂಡಿದ್ರೆ ಕೊಡ್ತಿದ್ದಿದ್ದು 24,999, ಈಗ ಉಳಿದಿದ್ದು 3,000. ಅಂದ್ರೆ 12%. ಹಬ್ಬ ನಿಮಗೆ ಕೊಟ್ಟಿದ್ದು ಈ 12%, ಉಳಿದಿದ್ದು ಹಬ್ಬ ಇಲ್ದೇ ಇದ್ರೂ ಸಿಗ್ತಿತ್ತು.

ಎಂಆರ್‌ಪಿ ಅನ್ನೋದು ಎಲ್ಲಾ ಟ್ಯಾಕ್ಸ್ ಸೇರಿ ಇದಕ್ಕಿಂತ ಜಾಸ್ತಿಗೆ ಮಾರೋ ಹಾಗಿಲ್ಲ ಅನ್ನೋ ಮೇಲಿನ ಮಿತಿ, ಅಷ್ಟೆ. ಅದೇ ಮಾರೋ ಬೆಲೆ ಅಂತ ಕಾನೂನು ಎಲ್ಲೂ ಹೇಳಲ್ಲ. ಹಾಗಾಗಿ ಕಂಪನಿ ಎಂಆರ್‌ಪಿನ ಸ್ವಲ್ಪ ಎತ್ತರಕ್ಕೆ ಇಟ್ಟಷ್ಟೂ ಡಿಸ್ಕೌಂಟ್ ಪರ್ಸೆಂಟು ದಪ್ಪ ಕಾಣುತ್ತೆ. ಈ ಆಟಕ್ಕೆ ಯುರೋಪಲ್ಲಿ ಒಂದು ಕಡಿವಾಣ ಇದೆ, 2022ರ ಮೇ ತಿಂಗಳಿಂದ ಅಲ್ಲಿ ಬೆಲೆ ಇಳಿಸಿದೀವಿ ಅಂತ ಹೇಳ್ಕೊಳ್ಳೋ ಅಂಗಡಿ ಅದಕ್ಕೆ ಮುಂಚಿನ ಕನಿಷ್ಠ 30 ದಿನದಲ್ಲಿ ತಾನೇ ಮಾರಿದ ಅತಿ ಕಮ್ಮಿ ಬೆಲೆನ ಹಳೇ ಬೆಲೆ ಅಂತ ತೋರಿಸ್ಬೇಕು. ಜರ್ಮನಿ, ನೆದರ್ಲೆಂಡ್ಸಲ್ಲಿ ಇರೋ ನಮ್ಮವ್ರು ಫೋನ್ ಪೇಜಲ್ಲಿ ಸಣ್ಣಕ್ಕೆ ಬರ್ದಿರೋ ಆ 30 ದಿನದ ಬೆಲೆ ನೋಡಿರ್ತಾರೆ. ನಮ್ಮಲ್ಲಿ ಎಂಆರ್‌ಪಿಗೆ ಗೀಟು ಹೊಡೆಯೋದೇ ರೂಢಿ, ಆದ್ರೆ ಅವ್ರ ಐಡಿಯಾನ ನಾವು ಸ್ವಂತಕ್ಕೆ ಬಳಸ್ಕೋಬಹುದು: ಸೇಲ್‌ಗೆ ಮುಂಚಿನ ಒಂದೆರಡು ತಿಂಗಳಲ್ಲಿ ಬಹಳ ದಿನ ಯಾವ ಬೆಲೇಲಿ ನಿಂತಿತ್ತೋ ಅದೇ ಹಳೇ ಬೆಲೆ. ಒಂದಿನ ಎರಡು ದಿನ ಇಳಿದು ಏರಿದ್ದನ್ನ ಬಿಟ್ಬಿಡಿ.

ಅದನ್ನ ಕಂಡು ಹಿಡಿಯೋದು ಹೇಗೆ ಅಂದ್ರೆ, ಅಮೆಜಾನಿಗೆ ಕೀಪಾ ಇದೆ, ಬೇರೆ ಸೈಟುಗಳಿಗೂ ಸೇರಿ ಬೈಹಟ್ಕೆ ತರದ ಪ್ರೈಸ್ ಹಿಸ್ಟರಿ ಸೈಟುಗಳಿವೆ, ಪ್ರಾಡಕ್ಟ್ ಲಿಂಕ್ ಹಾಕಿದ್ರೆ ಗ್ರಾಫ್ ಬರುತ್ತೆ. ಎರಡು ವಿಷಯ ನೋಡ್ಕೊಳ್ಳಿ. ಒಂದು, ಗ್ರಾಫು ನಿಮಗೆ ಬೇಕಾದ ವೇರಿಯಂಟಿಂದೇನಾ ಅಂತ, 6 ಜಿಬಿ 128 ಜಿಬಿ ಮಾಡೆಲ್ಲಿನ ಬೆಲೆನ 8 ಜಿಬಿ 256 ಜಿಬಿ ಜೊತೆ ಹೋಲಿಸಿ ಇಳಿದೇ ಇಲ್ಲ ಅಂತ ಬೇಜಾರ್ ಮಾಡ್ಕೊಳ್ಳೋರು ತುಂಬ ಜನ ಇದಾರೆ, ಎಷ್ಟೋ ಸಲ ಬಣ್ಣ ಬದಲಾದ್ರೂ ಬೆಲೆ ಬದಲಾಗುತ್ತೆ. ಎರಡು, ಗ್ರಾಫಲ್ಲಿ ಸಾಮಾನ್ಯವಾಗಿ ಬ್ಯಾಂಕ್ ಆಫರ್ ಸೇರಿರಲ್ಲ, ಬರೀ ಪೇಜ್ ಮೇಲಿನ ಬೆಲೆ ಇರುತ್ತೆ. ಗ್ರಾಫಲ್ಲಿ ಇನ್ನೊಂದು ತಮಾಷೆನೂ ಕಾಣುತ್ತೆ, ಕೆಲವು ಫೋನು ಸೇಲ್‌ಗೆ ಎರಡು ವಾರ ಇದ್ದಂಗೆ ಸಾವಿರ ರೂಪಾಯಿ ಮೇಲೆ ಹತ್ತಿ ಸೇಲ್ ದಿನ ಎರಡು ಸಾವಿರ ಕೆಳಗೆ ಇಳಿಯುತ್ತೆ. ಗ್ರಾಫು ನೋಡೋಕೆ ಬೇಜಾರು ಅನ್ನೋರು ಆಗಸ್ಟ್ ಕೊನೇಲಿ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ರೂ ಸಾಕು.

ನಿಜವಾದ ಒಂದು ಉದಾಹರಣೆ ಹೇಳ್ತೀನಿ. ಐಫೋನ್ 16, 128 ಜಿಬಿ, 2024ರ ಸೆಪ್ಟೆಂಬರಲ್ಲಿ ಇಂಡಿಯಾಕ್ಕೆ ಬಂದಾಗ 79,900. 2025ರ ಸೆಪ್ಟೆಂಬರಲ್ಲಿ 17 ಬಂದ ತಕ್ಷಣ ಆಪಲ್ಲೇ ಅದನ್ನ 69,900ಕ್ಕೆ ಇಳಿಸ್ತು. ಅದೇ ತಿಂಗಳು ಬಿಗ್ ಬಿಲಿಯನ್ ಡೇಸಲ್ಲಿ ಫ್ಲಿಪ್‌ಕಾರ್ಟ್ ಹಾಕಿದ್ದು 51,999. ಈಗ 79,900ರಿಂದ ನೋಡಿದ್ರೆ 34.9% ಇಳಿಕೆ, 69,900ರಿಂದ ನೋಡಿದ್ರೆ 25.6%. ಸೇಲ್ ಇಳಿಸಿದ್ದು ಎರಡನೇದು, ಮೊದಲನೇದ್ರಲ್ಲಿ ಆಪಲ್ ತಾನಾಗೇ ಇಳಿಸಿದ 12.5% ಸೇರ್ಕೊಂಡಿದೆ. ಇಲ್ಲೇ ಇನ್ನೊಂದು ಗಮನಿಸಿ: 12.5 ಮತ್ತು 25.6 ಕೂಡಿದ್ರೆ 38.1 ಆಗ್ಬೇಕು, ಆದ್ರೆ ಒಟ್ಟು ಇಳಿಕೆ 34.9. ಯಾಕಂದ್ರೆ ಎರಡನೇ ಪರ್ಸೆಂಟು ಆಗ್ಲೇ ಇಳಿದಿರೋ ಬೆಲೆ ಮೇಲೆ ಕೂತಿದೆ. ಒಂದರ ಮೇಲೊಂದು ಬರೋ ಪರ್ಸೆಂಟುಗಳನ್ನ ಕೂಡೋ ಹಾಗಿಲ್ಲ.

ಅದೇ 2025ರ ಸೇಲ್ ಟೈಮಲ್ಲಿ ಇನ್ನೊಂದು ಗೊಂದಲ ಇತ್ತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತಲ್ಲ, ಫೋನೂ ಅದಕ್ಕೇ ಇಳಿದಿದೆ ಅಂತ ಎಷ್ಟೋ ಜನ ಅಂದ್ಕೊಂಡ್ರು. ಫೋನಿಗೆ 2020ರ ಏಪ್ರಿಲಿಂದ 18%, ಆ ಬದಲಾವಣೇಲೂ 18%ನೇ ಉಳೀತು. ಇಳಿದಿದ್ದು ಎಸಿ, ದೊಡ್ಡ ಟಿವಿ ಅಂಥವು, 28ರಿಂದ 18ಕ್ಕೆ. ಅಲ್ಲೂ ಬೆಲೆ 10% ಇಳಿಯಲ್ಲ, 128 ಇದ್ದಿದ್ದು 118 ಆದ್ರೆ ಇಳಿಕೆ 7.8% ಅಷ್ಟೆ.

ದಾರಿ ಒಂದು: ಬ್ಯಾಂಕ್ ಕಾರ್ಡಲ್ಲಿ ಪೂರ್ತಿ ದುಡ್ಡು ಕಟ್ಟೋದು

ಈಗ ನಮ್ಮ 24,999ರ ಫೋನಿಗೆ ವಾಪಸ್ ಬರೋಣ. ಸೇಲ್ ಬೆಲೆ 21,999, ಅದ್ರ ಕೆಳಗೆ "ಇಂಥ ಬ್ಯಾಂಕ್ ಕಾರ್ಡಿಗೆ 10% ಇನ್‌ಸ್ಟಂಟ್ ಡಿಸ್ಕೌಂಟ್" ಅಂತಿರುತ್ತೆ. ತಲೇಲಿ ತಕ್ಷಣ 12 ಪ್ಲಸ್ 10, 22% ಅಂತ ಓಡುತ್ತೆ. ಮಿತಿ ಇಲ್ದೇ ಇದ್ರೂ ಅದು 22 ಆಗಲ್ಲ, 21,999ರ 10% ಅಂದ್ರೆ 2,200, ಬೆಲೆ 19,799ಕ್ಕೆ ಬಂದು 20.8% ಆಗ್ತಿತ್ತು. ಆದ್ರೆ ಮಿತಿ ಇದ್ದೇ ಇರುತ್ತೆ, ನಿಯಮ ಒತ್ತಿ ನೋಡಿದ್ರೆ "1,500ರವರೆಗೆ" ಅಂತ ಸಣ್ಣಕ್ಕೆ ಬರ್ದಿರ್ತಾರೆ. ಹಾಗಾಗಿ ಬೆಲೆ 20,499. ಹಳೇ ಬೆಲೆಯಿಂದ ಉಳಿದಿದ್ದು 4,500, ಸರಿಯಾಗಿ 18%. ಅಂದ್ರೆ ಆ "10%" ನಿಮ್ಮ ಲೆಕ್ಕದಲ್ಲಿ ಸೇರಿಸಿದ್ದು 6 ಮಾತ್ರ. ಫೋನು ದುಬಾರಿ ಆದಷ್ಟೂ ಈ ಮಿತಿ ಕಚ್ಚುತ್ತೆ, 15,000ದ ಫೋನಿಗೆ 1,500 ಅಂದ್ರೆ ಪೂರ್ತಿ 10%, 60,000ದ ಫೋನಿಗೆ ಬರೀ 2.5%. ದುಬಾರಿ ಫೋನಿಗೆ ಬೇರೆ ದೊಡ್ಡ ಮೊತ್ತದ ಆಫರ್ ಇಟ್ಟಿರ್ತಾರೆ ಕೆಲವೊಮ್ಮೆ, ಅದನ್ನ ಆ ಫೋನಿನ ಪೇಜಲ್ಲೇ ನೋಡ್ಬೇಕು.

ಕಾರ್ಡ್ ನಿಮ್ಹತ್ರ ಇಲ್ಲ ಅಂದ್ರೆ ಅಣ್ಣಂದೋ ಫ್ರೆಂಡಿಂದೋ ಕೇಳೋದು ಎಲ್ಲರ ಮನೇಲೂ ನಡೆಯುತ್ತೆ. ಬಿಲ್ಲು ನಿಮ್ಮ ಹೆಸರಲ್ಲೇ ಬರ್ಲಿ, ಅಂದ್ರೆ ಆರ್ಡರ್ ನಿಮ್ಮ ಅಕೌಂಟಿಂದ, ಕಾರ್ಡ್ ಮಾತ್ರ ಅವ್ರದ್ದು. ಆಮೇಲೆ ಆಫರ್ ಸಾಮಾನ್ಯವಾಗಿ ಒಂದು ಕಾರ್ಡಿಗೆ ಇಷ್ಟು ಸಲ ಅಂತ ಇರುತ್ತೆ, ಅವ್ರು ಅದೇ ಸೇಲಲ್ಲಿ ಮಿಕ್ಸಿ ತಗೊಂಡು ಆಫರ್ ಬಳಸಿಬಿಟ್ಟಿದ್ರೆ ನಿಮಗೆ ಸಿಗಲ್ಲ, ಮೊದಲೇ ಕೇಳ್ಕೊಳ್ಳಿ.

ಕ್ಯಾಶ್‌ಬ್ಯಾಕ್ ಅನ್ನೋದು ಇನ್‌ಸ್ಟಂಟ್ ಡಿಸ್ಕೌಂಟ್ ಅಲ್ಲ. ಸೈಟಿನದೇ ಹೆಸರಿರೋ ಕ್ರೆಡಿಟ್ ಕಾರ್ಡಲ್ಲಿ 5% ಅಂದ್ರೆ 21,999ಕ್ಕೆ 1,100 ಬರುತ್ತೆ, ಅದೂ ಈಗ ಅಲ್ಲ, ಮುಂದಿನ ಬಿಲ್ಲಲ್ಲೋ ಅಥವಾ ಆ ಸೈಟಲ್ಲೇ ಖರ್ಚು ಮಾಡ್ಬೇಕಾದ ಬ್ಯಾಲೆನ್ಸಾಗೋ. ಎರಡ್ರಲ್ಲಿ ಒಂದೇ ಸಿಗೋದು ಅಂದ್ರೆ 1,500 ಇನ್‌ಸ್ಟಂಟೇ ಮೇಲು. 40,000ಕ್ಕೆ ಹೋದ್ರೆ ಲೆಕ್ಕ ತಿರುಗುತ್ತೆ, 5% ಅಂದ್ರೆ 2,000 ಆಗುತ್ತಲ್ಲ.

ಹಾಂ, ಕೊನೇ ಪೇಜಲ್ಲಿ ಪ್ಯಾಕಿಂಗ್ ಫೀ, ಆಫರ್ ಹ್ಯಾಂಡ್ಲಿಂಗ್ ಫೀ ಅಂತ ನೂರಿನ್ನೂರು ಸೇರಿಸೋದು ಇದೆ. ಕೊನೆಗಳಿಗೇಲಿ ಬೆಲೆ ಏರ್ಸೋದು, ನಾವು ಕೇಳದೇ ಇರೋದನ್ನ ಬುಟ್ಟಿಗೆ ಹಾಕೋದು, ಸುಳ್ಳು ಅವಸರ ಹುಟ್ಸೋದು, ಇವನ್ನೆಲ್ಲ ಕೇಂದ್ರ ಸರ್ಕಾರ 2023ರ ನವೆಂಬರಲ್ಲಿ ಡಾರ್ಕ್ ಪ್ಯಾಟರ್ನ್ ಪಟ್ಟಿಗೆ ಸೇರಿಸಿದೆ, ಒಟ್ಟು 13 ಇವೆ. ಅದಿರ್ಲಿ, ಲೆಕ್ಕಕ್ಕೆ ತಗೋಬೇಕಾದ "ಹೊಸ ಬೆಲೆ" ಅಂದ್ರೆ ಪೇಮೆಂಟ್ ಬಟನ್ ಒತ್ತೋ ಮುಂಚೆ ಕಾಣೋ ಒಟ್ಟು ಮೊತ್ತ. ಅದಕ್ಕಿಂತ ಹಿಂದಿನ ಯಾವ ಪೇಜಿನ ಬೆಲೆನೂ ಲೆಕ್ಕಕ್ಕಿಲ್ಲ.

ದಾರಿ ಎರಡು: ನೋ ಕಾಸ್ಟ್ ಇಎಂಐ

ಇದನ್ನ ಸ್ವಲ್ಪ ಬಿಡಿಸಿ ನೋಡ್ಬೇಕು, ಯಾಕಂದ್ರೆ ಹೆಚ್ಚು ಜನ ಮೋಸ ಹೋದ್ವಿ ಅನ್ಕೊಳ್ಳೋದು ಇಲ್ಲೇ, ನಿಜವಾಗಿ ಇದು ಮೋಸ ಅಲ್ಲ, ಹೆಸರು ಮಾತ್ರ ಅರ್ಧ ಸತ್ಯ. ಸೊನ್ನೆ ಬಡ್ಡಿ ಅನ್ನೋ ವಸ್ತುನೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಹಾಗಾಗಿ ಬ್ಯಾಂಕು ಬಡ್ಡಿ ಹಾಕೇ ಹಾಕುತ್ತೆ, ಅಷ್ಟೇ ಮೊತ್ತನ ಮಾರೋರು ಮೊದಲೇ ಬೆಲೇಲಿ ಕಮ್ಮಿ ಮಾಡಿ ಸರಿದೂಗಿಸ್ತಾರೆ.

21,999, ಆರು ತಿಂಗಳು, ವರ್ಷಕ್ಕೆ 16% ಬಡ್ಡಿ ಅಂದ್ಕೊಳ್ಳಿ. ತಿಂಗಳಿಗೆ 3,666 ರೂಪಾಯಿ ಚಿಲ್ಲರೆ. ಒಳಗೆ ನಡೆಯೋದು ಏನಂದ್ರೆ ಸಾಲ ಸುಮಾರು 21,007, ಬಡ್ಡಿ ಸುಮಾರು 992, ಎರಡೂ ಸೇರಿ 21,999. ಇಲ್ಲಿವರೆಗೆ ಸರಿ. ಆದ್ರೆ ಆ 992 ಬಡ್ಡಿ ಮೇಲೆ 18% ಜಿಎಸ್‌ಟಿ ಇದೆ, ಸುಮಾರು 179, ಅದನ್ನ ಮಾರೋರು ಕೊಡಲ್ಲ. ಪ್ರೊಸೆಸಿಂಗ್ ಫೀ 199 ಅಂತಿದ್ರೆ ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 414 ಹತ್ತಿರ ಜಾಸ್ತಿ. ಫೋನ್ ಬಿದ್ದಿದ್ದು 22,413ಕ್ಕೆ, ಇಳಿಕೆ 10.3%. ಕಾರ್ಡಲ್ಲಿ ಒಟ್ಟಿಗೆ ಕಟ್ಟಿದವ್ರಿಗೆ 18 ಸಿಕ್ಕ ಜಾಗದಲ್ಲಿ ಇದು.

ಆದ್ರೆ ಈ ದೊಡ್ಡ ಗ್ಯಾಪಿಗೆ ಕಾರಣ ಇಎಂಐ ಚಾರ್ಜು ಅಲ್ಲ, ಬ್ಯಾಂಕ್ ಡಿಸ್ಕೌಂಟ್ ತಪ್ಪಿದ್ದು. ಅದೇ ಬ್ಯಾಂಕಿನ ಇಎಂಐಗೂ 1,500 ಡಿಸ್ಕೌಂಟ್ ಇದ್ರೆ ಒಟ್ಟು 20,900ಕ್ಕೆ ಬಂದು 16.4% ಆಗುತ್ತೆ, ಆಗ ಆರು ತಿಂಗಳು ನಿಧಾನವಾಗಿ ಕಟ್ಟೋಕೆ ಕೊಟ್ಟ ಬೆಲೆ 400 ರೂಪಾಯಿ, ಅದೇನೂ ಕೆಟ್ಟ ವ್ಯವಹಾರ ಅಲ್ಲ. ಹಾಗಾಗಿ ಕೇಳ್ಬೇಕಾದ ಪ್ರಶ್ನೆ "ನೋ ಕಾಸ್ಟಾ" ಅಂತ ಅಲ್ಲ, "ಈ ಇಎಂಐಗೆ ಬ್ಯಾಂಕ್ ಆಫರ್ ಸಿಗುತ್ತಾ" ಅಂತ. ಸ್ಕ್ರೀನಲ್ಲಿ ನೋ ಕಾಸ್ಟ್ ಇಎಂಐ ಮತ್ತೆ ಬರೀ ಇಎಂಐ ಅಕ್ಕಪಕ್ಕ ಇರುತ್ತೆ, ತಿಂಗಳ ಕಂತನ್ನ ತಿಂಗಳ ಸಂಖ್ಯೆಯಿಂದ ಗುಣಿಸಿ ನೋಡಿ, ಫೋನಿನ ಬೆಲೆಗಿಂತ ಜಾಸ್ತಿ ಬಂದ್ರೆ ಅದು ಸಾದಾ ಇಎಂಐ. ಮಧ್ಯದಲ್ಲಿ ಸಾಲ ಮುಗಿಸಿಬಿಡ್ತೀನಿ ಅಂದ್ರೆ ಅದಕ್ಕೂ ಬಹಳಷ್ಟು ಬ್ಯಾಂಕುಗಳು ಚಾರ್ಜ್ ಹಾಕ್ತವೆ, ಅದು ಈ ಲೆಕ್ಕದಲ್ಲಿ ಇಲ್ಲ.

ದಾರಿ ಮೂರು: ಹಳೇ ಫೋನ್ ಕೊಟ್ಟು ತಗೊಳ್ಳೋದು

"ಅರ್ಧ ಬೆಲೆ" ಹುಟ್ಟೋದು ಇಲ್ಲಿಂದ. ನಿಮ್ಮ ಹಳೇ ಫೋನಿಗೆ 5,500, ಎಕ್ಸ್‌ಚೇಂಜ್ ಬೋನಸ್ 1,500, ಒಟ್ಟು 7,000. 21,999ರಲ್ಲಿ ಕಳೆದ್ರೆ 14,999, ಪಕ್ಕದಲ್ಲೊಂದು ನಕ್ಷತ್ರ ಹಾಕಿ ಎಫೆಕ್ಟಿವ್ ಪ್ರೈಸ್ ಅಂತಾರೆ. ಎಂಆರ್‌ಪಿಯಿಂದ ನೋಡಿದ್ರೆ ಸರಿಯಾಗಿ 50%, 24,999ರಿಂದ ನೋಡಿದ್ರೂ 40%. ಆದ್ರೆ ಆ 5,500 ನಿಮ್ದೇ ದುಡ್ಡು, ಫೋನಿನ ರೂಪದಲ್ಲಿ ಕೊಟ್ಟಿದ್ದು. ಅದನ್ನ ಬೆಲೆ ಇಳಿಕೆ ಅನ್ನೋದಾದ್ರೆ ಪರ್ಸಿಂದ ತೆಗೆದುಕೊಟ್ಟ ನೋಟನ್ನೂ ಡಿಸ್ಕೌಂಟ್ ಅನ್ಬೇಕಾಗುತ್ತೆ.

ಸರಿಯಾದ ಲೆಕ್ಕ ಹೀಗೆ: ಆ ಹಳೇ ಫೋನನ್ನ ಹೊರಗೆ, ಸೆಕೆಂಡ್ ಹ್ಯಾಂಡ್ ಅಂಗಡೀಲೋ ಪರಿಚಯದವ್ರಿಗೋ ಕೊಟ್ರೆ ಎಷ್ಟು ಸಿಗ್ತಿತ್ತು? 5,000 ಅನ್ನಿ. ಹಾಗಾದ್ರೆ ಎಕ್ಸ್‌ಚೇಂಜಿಂದ ಆದ ಲಾಭ 7,000ದಲ್ಲಿ 5,000 ಕಳೆದು 2,000 ಮಾತ್ರ. ಬೆಲೆ 19,999, ಇಳಿಕೆ 20%. ಇದ್ರ ಮೇಲೆ ಬ್ಯಾಂಕ್ ಆಫರ್‌ನ 1,500ಊ ಸಿಕ್ರೆ 18,499, ಅಂದ್ರೆ 26%, ನಮ್ಮ ದಾರಿಗಳಲ್ಲೆಲ್ಲ ಇದೇ ಜಾಸ್ತಿ. ಒಂದು ಹುಷಾರು, ಬ್ಯಾಂಕ್ ಆಫರ್‌ಗೆ ಕನಿಷ್ಠ ಇಷ್ಟು ಪಾವತಿ ಮಾಡ್ಬೇಕು ಅಂತಿರುತ್ತೆ, ಎಕ್ಸ್‌ಚೇಂಜ್ ಕಳೆದ್ಮೇಲೆ ಉಳಿದ ಮೊತ್ತ ಅದಕ್ಕಿಂತ ಕಮ್ಮಿ ಆದ್ರೆ ಆಫರೇ ಹಾರಿಹೋಗುತ್ತೆ. ಉಲ್ಟಾನೂ ಆಗುತ್ತೆ, ಹೊರಗೆ 8,000 ಸಿಗೋ ಒಳ್ಳೇ ಫೋನಿಗೆ ಸೈಟು 5,500 ಹಾಕಿದ್ರೆ ಬೋನಸ್ ಸೇರಿಸಿದ್ರೂ ನೀವು ಸಾವಿರ ಕಳ್ಕೊಂಡ ಹಾಗೆ.

ಎಕ್ಸ್‌ಚೇಂಜಲ್ಲಿ ಎಡವೋದು ಬಾಗಿಲ ಹತ್ರ. ಡೆಲಿವರಿಯವ್ರು ಬಂದು ನಿಮ್ಮ ಫೋನ್ ಆನ್ ಮಾಡಿ, ಒಂದು ಆ್ಯಪ್ ಹಾಕಿ ಸ್ಕ್ರೀನು, ಕ್ಯಾಮೆರಾ, ಸ್ಪೀಕರು ಒಂದೊಂದೇ ಚೆಕ್ ಮಾಡ್ತಾರೆ, ಗಾಜಿನ ಮೂಲೇಲಿ ಕೂದಲೆಳೆಯಷ್ಟು ಬಿರುಕು ಕಂಡ್ರೂ "ಇದು ಆಗಲ್ಲ ಸಾರ್, ಫುಲ್ ಅಮೌಂಟ್ ಕಟ್ತೀರಾ ಇಲ್ಲ ವಾಪಸ್ ತಗೊಂಡೋಗ್ಲಾ" ಅಂತಾರೆ. ಆಗ ನಿಮ್ಮ ಬೆಲೆ ಒಂದೇ ನಿಮಿಷದಲ್ಲಿ 14,999ರಿಂದ 21,999ಕ್ಕೆ ಹಾರುತ್ತೆ. ಹಾಗಾಗಿ ಪ್ರಶ್ನೆಗಳಿಗೆ ಉತ್ತರ ಕೊಡೋವಾಗ ಬಿರುಕು, ಗೆರೆ ಎಲ್ಲ ಇದ್ದ ಹಾಗೇ ಹಾಕಿ, ಬೆಲೆ ಕಮ್ಮಿ ತೋರಿಸಿದ್ರೂ ಪರ್ವಾಗಿಲ್ಲ. ಅಕೌಂಟ್ ಲಾಗೌಟ್ ಮಾಡಿ, ಲಾಕ್ ತೆಗೆದು, ಡೇಟಾ ಅಳಿಸಿ ರೆಡಿ ಇಟ್ಕೊಳ್ಳಿ. ಮತ್ತೆ ಸಣ್ಣ ಊರು ಹಳ್ಳಿಗಳ ಪಿನ್‌ಕೋಡಿಗೆ ಎಕ್ಸ್‌ಚೇಂಜೇ ಇರಲ್ಲ ಎಷ್ಟೋ ಸಲ, ಬೆಂಗಳೂರಲ್ಲಿರೋ ಮಗ ಆರ್ಡರ್ ಮಾಡಿ ಊರಲ್ಲಿರೋ ಅಪ್ಪನ ಹಳೇ ಫೋನ್ ಕೊಡ್ಸೋ ಪ್ಲಾನ್ ಇದ್ರೆ ಮೊದಲು ಊರಿನ ಪಿನ್‌ಕೋಡ್ ಹಾಕಿ ನೋಡ್ಲಿ.

ದಾರಿ ನಾಲ್ಕು: ಊರಿನ ಅಂಗಡಿ

ಸೇಲ್ ನಡೀವಾಗ ಅಂಗಡಿಗೆ ಹೋಗಿ ಫೋನಲ್ಲಿ ಆನ್‌ಲೈನ್ ರೇಟು ತೋರಿಸಿ, "ಅಣ್ಣಾ, ಆ ರೇಟು ನಮಗೆ ಡೀಲರಿಂದ್ಲೇ ಬರಲ್ಲ, 23,500ಕ್ಕೆ ಕೊಡ್ತೀನಿ, ಎಂಆರ್‌ಪಿಗೆ ಆರೂವರೆ ಸಾವಿರ ಕಮ್ಮಿ ಮಾಡಿದೀನಿ ನೋಡಿ, ಗ್ಲಾಸೂ ಪೌಚೂ ಹಾಕ್ಕೊಡ್ತೀನಿ" ಅಂತಾರೆ. ಇವ್ರೂ ಎಂಆರ್‌ಪಿಯಿಂದ್ಲೇ ಶುರು ಮಾಡ್ತಾರೆ ನೋಡಿ, ಎಂಆರ್‌ಪಿಯಿಂದ 21.7%, ನಮ್ಮ ಹಳೇ ಬೆಲೆಯಿಂದ 6%. ಗ್ಲಾಸು ಪೌಚು ಹೊರಗೆ ಹಾಕ್ಸಿದ್ರೆ 400 ಆಗುತ್ತೆ ಅಂದ್ರೆ ಅದನ್ನೂ ಕಳೆಯೋಣ, 23,100, ಅಂದ್ರೆ 7.6%.

ಕಾರ್ಡ್ ಇರೋರಿಗೆ ಆನ್‌ಲೈನಿನ 20,499 ಎದುರು ಇದು 2,600 ಜಾಸ್ತಿ, ಸುಮ್ನೆ ಬಿಡೋ ದುಡ್ಡಲ್ಲ. ಆದ್ರೆ ಕಾರ್ಡೇ ಇಲ್ದವ್ರಿಗೆ ಆನ್‌ಲೈನ್ ಬೆಲೆ 20,499 ಅಲ್ಲ, 21,999, ಯುಪಿಐನಲ್ಲಿ ಕಟ್ಟಿದ್ರೆ. ಗ್ಲಾಸು ಪೌಚು ಲೆಕ್ಕ ಆಗ್ಲೇ ಸೇರಿಸಿದೀವಿ, ಹಾಗಾಗಿ ವ್ಯತ್ಯಾಸ 1,100, ಐದು ಪರ್ಸೆಂಟಿಗೂ ಒಳಗೆ. ಆ ಸಾವಿರದ ನೂರಕ್ಕೆ ಫೋನ್ ಕೈಯಲ್ಲಿ ಹಿಡಿದು ನೋಡಿ, ಡಬ್ಬ ನಿಮ್ಮೆದುರೇ ಒಡೆದು, ಅಮ್ಮನ ಹಳೇ ಫೋನಿಂದ ಕಾಂಟ್ಯಾಕ್ಟು, ವಾಟ್ಸಾಪ್ ಎಲ್ಲ ಹಾಕ್ಸಿಕೊಂಡು ಬರ್ಬಹುದು. ವಯಸ್ಸಾದವ್ರಿಗೆ ತಗೊಳ್ಳೋದಾದ್ರೆ ನಾನು ಕಣ್ಣು ಮುಚ್ಚಿ ಅಂಗಡಿನೇ ಹೇಳ್ತೀನಿ. ಎರಡು ಮಾತು: ಕಾರ್ಡ್ ಸ್ವೈಪ್ ಮಾಡಿದ್ರೆ 2% ಎಕ್ಸ್‌ಟ್ರಾ ಅಂದ್ರೆ 23,500ಕ್ಕೆ 470 ಹೋಗುತ್ತೆ, ಇಳಿಕೆ ಆರು ಪರ್ಸೆಂಟ್ ಸುಮಾರಿಗೆ ವಾಪಸ್ ಬರುತ್ತೆ, ಅದಕ್ಕೆ ಯುಪಿಐ ಮಾಡಿ. ಮತ್ತೆ ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ ಅಂದ್ರೆ ಬೇಡ ಅನ್ನಿ, ವಾರಂಟಿ ಕೇಳೋಕೆ ಹೋದಾಗ ಬಿಲ್ಲೇ ಮಾತಾಡೋದು.

ದಾರಿ ಐದು: ಸೇಲ್ ಮುಗಿದ್ಮೇಲೆ ತಗೊಳ್ಳೋದು

ಸೇಲ್ ಮುಗಿದ ಮಾರನೇ ದಿನ ಎಲ್ಲಾ ಕಡೆ ಒಂದು ಗೋಳು ಶುರುವಾಗುತ್ತೆ, 20,499 ಇದ್ದಿದ್ದು 24,999 ಆಗೋಯ್ತು, 22% ಏರಿಸಿಬಿಟ್ರು ಅಂತ. ಇಳಿದಿದ್ದು 18%, ಏರಿದ್ದು 22% ಹೇಗೆ? ಎರಡೂ ಅದೇ 4,500 ರೂಪಾಯಿ. ಇಳಿಯೋವಾಗ 24,999ರಿಂದ ಭಾಗಿಸಿದ್ವಿ, ಏರೋವಾಗ 20,499ರಿಂದ ಭಾಗಿಸ್ತಿದೀವಿ. ಯಾರೂ ಹೊಸದಾಗಿ ಏರಿಸಿಲ್ಲ, ಮುಂಚೆ ಇದ್ದ ಜಾಗಕ್ಕೇ ಹೋಗಿದೆ.

ಪೂರ್ತಿ ವಾಪಸ್ ಹೋಗೋದೂ ಕಮ್ಮಿ. ಹಬ್ಬ ಕಳೆದ್ಮೇಲೆ 23,999ಕ್ಕೆ ನಿಂತು ಅದಕ್ಕೊಂದು 1,000ದ ಬ್ಯಾಂಕ್ ಆಫರ್ ಇದ್ರೆ 22,999, ಇಳಿಕೆ 8%. ಅಂದ್ರೆ ಅಂಗಡಿ ರೇಟಿಗೆ ಹತ್ತಿರ. ದಸರಾ ಮುಂಚಿನ ಸೇಲ್ ತಪ್ಪಿದ್ರೆ ದೀಪಾವಳಿ ಹೆಸರಲ್ಲಿ ಇನ್ನೊಂದು ಬರುತ್ತೆ, ಆಮೇಲೆ ಜನವರೀಲಿ ರಿಪಬ್ಲಿಕ್ ಡೇ ಸೇಲ್. ಫೋನ್ ಕೆಟ್ಟು ಕೂತಿಲ್ಲ ಅಂದ್ರೆ ಕಾಯೋದ್ರಲ್ಲಿ ಅರ್ಥ ಇದೆ, ಅದ್ರಲ್ಲೂ ಆ ಮಾಡೆಲ್ಲಿನ ಮುಂದಿನ ತಲೆಮಾರು ಬರೋ ಟೈಮ್ ಆಗಿದ್ರೆ, ಯಾಕಂದ್ರೆ ಆಗ ಇಳಿಯೋದು ಆಫರಲ್ಲ, ಮೂಲ ಬೆಲೆನೇ. ಆದ್ರೆ ಹಳೇ ಮಾಡೆಲ್ಲಿನ ಇಳಿಕೆ ಪರ್ಸೆಂಟ್ ಯಾವಾಗ್ಲೂ ದೊಡ್ಡದಾಗೇ ಇರುತ್ತೆ, ಅದಕ್ಕೆ ಮರುಳಾಗೋ ಮುಂಚೆ ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಉಳಿದಿದೆ ನೋಡಿ. ಎರಡು ವರ್ಷ ಉಳಿದಿರೋ 20,000ದ ಫೋನು ವರ್ಷಕ್ಕೆ 10,000 ಬಿದ್ದ ಹಾಗೆ, ಐದು ವರ್ಷ ಇರೋ 25,000ದ ಫೋನು 5,000. ಮೊದಲನೇದು 35% ಇಳಿದು, ಎರಡನೇದು 8% ಇಳಿದಿದ್ರೂ ನಾನು ಎರಡನೇದೇ ತಗೊಳ್ತೀನಿ.

ಇದೇ ಸಮಯದಲ್ಲಿ ಇನ್ನೊಂದು ಸರಕು ಓಡಾಡುತ್ತೆ. ಸೇಲಲ್ಲಿ ಆಫರ್‌ಗೆ ಎತ್ತಿಟ್ಟ ಸೀಲ್ ಒಡೆಯದ ಡಬ್ಬಗಳು, ವಾಟ್ಸಾಪ್ ಗ್ರೂಪಲ್ಲಿ, ಸಣ್ಣ ಅಂಗಡಿಗಳಲ್ಲಿ, ಕಾರ್ಡ್ ಆಫರ್ ಕಳೆದ್ಮೇಲಿನ ಬೆಲೆಗಿಂತ ಐನೂರು ಸಾವಿರ ಮೇಲಿಟ್ಟು ಮಾರ್ತಾರೆ. ಬಿಲ್ಲು ಇನ್ಯಾರದೋ ಹೆಸರಲ್ಲಿರುತ್ತೆ. 21,500ಕ್ಕೆ ಸಿಕ್ರೆ 14%, ಆಸೆ ಆಗೋದು ಸಹಜ. ತಗೊಳ್ಳೋದಾದ್ರೆ ಡಬ್ಬದ ಮೇಲಿನ ಐಎಂಇಐ ನಂಬರನ್ನ KYM ಅಂತ ಟೈಪ್ ಮಾಡಿ ಜಾಗ ಬಿಟ್ಟು ಹಾಕಿ 14422ಗೆ ಎಸ್ಸೆಮ್ಮೆಸ್ ಕಳ್ಸಿ, ಬ್ಲಾಕ್ ಆಗಿರೋದೋ ಡೂಪ್ಲಿಕೇಟೋ ಗೊತ್ತಾಗುತ್ತೆ, ಒಡೆದ್ಮೇಲೆ *#06# ಒತ್ತಿ ಅದೇ ನಂಬರ್ ಬರುತ್ತಾ ನೋಡಿ. ಬಿಲ್ಲಿನ ಕಾಪಿ ಕೊಡದೇ ಇದ್ರೆ ಅಲ್ಲಿಂದ ಎದ್ದು ಬನ್ನಿ.

ಕೊನೆಗೆ ಯಾವ್ದು?

ಒಂದೇ ಹಳೇ ಬೆಲೆಯಿಂದ, ಅಂದ್ರೆ 24,999ರಿಂದ ನೋಡಿದ್ರೆ: ಎಕ್ಸ್‌ಚೇಂಜ್ ಜೊತೆ ಬ್ಯಾಂಕ್ ಆಫರ್ 26, ಕಾರ್ಡಲ್ಲಿ ಒಟ್ಟಿಗೆ 18, ಆಫರ್ ಇರೋ ಇಎಂಐ 16.4, ಯುಪಿಐ 12, ಆಫರ್ ಇಲ್ಲದ ಇಎಂಐ 10.3, ಸೇಲ್ ಆದ್ಮೇಲೆ 8, ಅಂಗಡಿ 7.6. ನಿಮ್ಮ ಫೋನಿಗೆ ಈ ನಂಬರು ಬೇರೆ ಬರುತ್ತೆ, ಕೆಲವು ಫೋನಲ್ಲಿ ಸಾಲೂ ಬದಲಾಗುತ್ತೆ, ಹಾಳೆ ಮೇಲೆ ಹಳೇ ಬೆಲೆ ಒಂದನ್ನ ಮೇಲೆ ಬರ್ದು ಕೆಳಗೆ ಒಂದೊಂದು ದಾರಿಯ ಕೊನೇ ಮೊತ್ತ ಹಾಕ್ತಾ ಹೋಗಿ. ಕಂಪ್ಯೂಟರಲ್ಲಿ ಮಾಡೋರು A2ನಲ್ಲಿ ಹಳೇ ಬೆಲೆ, B2ನಲ್ಲಿ ಕೊನೇ ಮೊತ್ತ ಹಾಕಿ ಇದನ್ನ ಬರೀರಿ, ಸೆಲ್ಲನ್ನ ಪರ್ಸೆಂಟಿಗೆ ಬದಲಾಯಿಸಿ:

```
=(A2-B2)/A2
```

ಎರಡು ಬೇರೆ ಬೇರೆ ಫೋನುಗಳ ಮಧ್ಯೆ ಆರಿಸೋವಾಗ ಮಾತ್ರ ಈ ಪರ್ಸೆಂಟನ್ನ ಪಕ್ಕಕ್ಕಿಟ್ಟು ಕೊನೇ ಮೊತ್ತ ನೋಡಿ. 60,000ದ ಫೋನಲ್ಲಿ 10% ಅಂದ್ರೆ 6,000, 15,000ದ ಫೋನಲ್ಲಿ 25% ಅಂದ್ರೆ 3,750. ಪರ್ಸೆಂಟು ಒಂದೇ ಫೋನಿನ ಬೇರೆ ಬೇರೆ ದಾರಿಗಳನ್ನ ಅಳೆಯೋಕೆ ಸರಿ, ಯಾವ ಫೋನು ಬೇಕು ಅನ್ನೋದನ್ನ ಅದು ಹೇಳಲ್ಲ.

ಆರ್ಡರ್ ಮಾಡಿದ್ಮೇಲೆ ಮರುದಿನ ಇನ್ನೂ 700 ಇಳಿದಿದ್ದು ಕಂಡ್ರೆ? 20,499ಕ್ಕೆ ಅದು 3.4%. ಪಾರ್ಸೆಲ್ ಇನ್ನೂ ಹೊರಟಿಲ್ಲ ಅಂದ್ರೆ ಕ್ಯಾನ್ಸಲ್ ಮಾಡಿ ಮತ್ತೆ ಹಾಕ್ಬಹುದು, ಆದ್ರೆ ಒಂದು ಕಾರ್ಡಿಗೆ ಒಂದೇ ಸಲ ಅನ್ನೋ ಆಫರ್ ಆಗಿದ್ರೆ ಕ್ಯಾನ್ಸಲ್ ಆದ ಆರ್ಡರನ್ನೂ ಕೆಲವು ಸಲ ಲೆಕ್ಕಕ್ಕೆ ಹಿಡೀತಾರೆ, ಆಗ 700 ಉಳಿಸೋಕೆ ಹೋಗಿ 1,500 ಕಳ್ಕೊಳ್ತೀರಿ. ಹೊಸ ಆರ್ಡರ್ ಹಾಕಿ, ಪೇಮೆಂಟ್ ಪೇಜಲ್ಲಿ ಡಿಸ್ಕೌಂಟ್ ಬಿದ್ದಿದ್ದು ಕಣ್ಣಾರೆ ನೋಡಿ, ದುಡ್ಡು ಕಟ್ಟಿ, ಆಮೇಲೆ ಹಳೇದನ್ನ ಕ್ಯಾನ್ಸಲ್ ಮಾಡಿ. ಪಾರ್ಸೆಲ್ ಹೊರಟುಬಿಟ್ಟಿದ್ರೆ ಫೋನಿಗೆ ಬಹಳಷ್ಟು ಕಡೆ ಬದಲಿ ಕೊಡೋದು ಮಾತ್ರ ಇರುತ್ತೆ, ದುಡ್ಡು ವಾಪಸ್ ಇರಲ್ಲ, ಗ್ರಾಫ್ ನೋಡೋದು ನಿಲ್ಸಿ ಚಾರ್ಜಿಗೆ ಹಾಕಿ.